ಹಳದಿ ಗುಬುಟು, ಕೆಂಪು ಲಿವರ್

ಮಳೆಗಾಲದ ಕೋಲ್ಕತ್ತದಲ್ಲಿ ಹಳದಿ ಟ್ಯಾಕ್ಸಿಯೊಂದು ಹೂತುಕೊಳ್ಳುವುದನ್ನು ನೋಡಬೇಕೆಂದರೆ ಬಹಳ ದಿನ ಕಾಯಬೇಕಾಗಿಲ್ಲ. ಪೈಪು ಹಾಕಲೆಂದು ಅಗೆದು, ಮಣ್ಣು ಮುಚ್ಚಿ, ಮರೆತುಬಿಟ್ಟ ಬೀದಿಯಂಚು ಸಾಕು. ಒಂದು ಸಂಜೆ ನಾನಿದ್ದ ಅಂಬಾಸಿಡರ್‌ನ ಎಡಗಡೆಯ ಹಿಂಚಕ್ರ ಅಂಥ ಕಡೆ ಇಳಿಯಿತು. ಡ್ರೈವರ್ ಆಕ್ಸಿಲರೇಟರ್ ಒತ್ತಿದ. ಎಡಚಕ್ರ ಕೆಸರನ್ನು ಹಿಂದಿದ್ದವರ ಧೋತಿಗೆ ಎರಚುತ್ತ ಬುಗುರಿಯಂತೆ ತಿರುಗಿತು. ಬಲಚಕ್ರ ಗಟ್ಟಿಯಾದ ಟಾರಿನ ಮೇಲೆ, ಒಣಗಿದ ನೆಲದಲ್ಲಿ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನೆ ನಿಂತಿತ್ತು. ಹಿಡಿತ ಇರುವ ಚಕ್ರಕ್ಕೆ ಕೆಲಸವಿಲ್ಲ, ಹಿಡಿತ ಇಲ್ಲದ ಚಕ್ರಕ್ಕೆ ಎಲ್ಲ ಓಟ. ಕೊನೆಗೆ ಚಹಾ ಅಂಗಡಿಯ ನಾಲ್ವರು ಬಂದು ನೂಕಿದರು.

ಊರಾಚೆಯ ಉತ್ತರಪಾಡಾದ ಕಾರ್ಖಾನೆಯಲ್ಲಿ 2014ರವರೆಗೆ ತಯಾರಾದ ಆ ಕಾರಿನ ತಪ್ಪು ಇದರಲ್ಲಿ ಏನೂ ಇಲ್ಲ. ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಉಂಡೆ ಇರುವುದೇ ಹೀಗೆ. ತಿರುವಿನಲ್ಲಿ ಹೊರಚಕ್ರ ಹೆಚ್ಚು ದೂರ ಓಡಬೇಕು, ಒಳಚಕ್ರ ಕಡಿಮೆ. ಇಬ್ಬರಿಗೂ ಬೇರೆ ಬೇರೆ ವೇಗ ಕೊಡುವುದು ಅದರ ಕೆಲಸ. ಆದರೆ ವೇಗ ಹಂಚುವಾಗ ಬಲವನ್ನು ಅದು ಸಮನಾಗಿಯೇ ಹಂಚುತ್ತದೆ. ಕೆಸರಿನ ಚಕ್ರ ಎಷ್ಟು ಬಲ ತಾಳಿಕೊಳ್ಳಬಲ್ಲುದೋ ಅಷ್ಟೇ ಬಲ ಒಣನೆಲದ ಚಕ್ರಕ್ಕೂ ಸಿಗುವುದು. ಎಡಚಕ್ರಕ್ಕೆ ತಾಳಿಕೆ ಸೊನ್ನೆಯಾದರೆ ಬಲಚಕ್ರಕ್ಕೂ ಸೊನ್ನೆ. ಫೋರ್ ವೀಲ್ ಡ್ರೈವ್, ಲೋ ರೇಂಜ್, ಲಾಕ್ ಎಂಬ ಏರ್ಪಾಟುಗಳೆಲ್ಲ ಈ ಒಂದು ಸಮಪಾಲಿನ ಹಟದ ಜತೆ ನಡೆಸುವ ಗುದ್ದಾಟ. ಅವನ್ನು ಸರಿಯಾಗಿ ಬಳಸುವವರು ಯಾರು, ಹೇಗೆ ಎಂದು ನೋಡಬೇಕಿದ್ದರೆ ಬಂಗಾಳದಲ್ಲಿ ಒಂದು ಜಾಗ ಇದೆ. ಸಿಯಾಲ್ದಾದಿಂದ ರಾತ್ರಿ ಡಾರ್ಜಿಲಿಂಗ್ ಮೇಲ್ ಹತ್ತಿ, ಬೆಳಿಗ್ಗೆ ನ್ಯೂ ಜಲ್ಪಾಯ್ಗುಡಿಯಲ್ಲಿ ಇಳಿದು, ಬೆಟ್ಟದ ದಾರಿಯಲ್ಲಿ ಮಾನೇಭಂಜಾಂಗ್ ತಲುಪಬೇಕು.

ಮಾನೇಭಂಜಾಂಗ್ ನೇಪಾಳದ ಗಡಿಗೆ ಅಂಟಿಕೊಂಡ ಪುಟ್ಟ ಪೇಟೆ. ಅಲ್ಲಿಂದ ಸಿಂಗಾಲೀಲಾ ಬೆಟ್ಟಸಾಲಿನ ಮೇಲೆ ಸಂದಕ್‌ಫೂಗೆ ಮೂವತ್ತೊಂದು ಕಿಲೋಮೀಟರ್ ಚಿಲ್ಲರೆ. ಸಂದಕ್‌ಫೂ 3636 ಮೀಟರ್, ಪಶ್ಚಿಮ ಬಂಗಾಳದಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ. ಈ ದಾರಿಯಲ್ಲಿ ದಶಕಗಳಿಂದ ಓಡುತ್ತಿರುವುದು ಬ್ರಿಟಿಷ್ ಚಹಾ ತೋಟದವರ ಕಾಲದ ಲ್ಯಾಂಡ್ ರೋವರ್‌ಗಳು. ಕೆಲವಂತೂ 1950ರ ದಶಕದವು. ಬಾನೆಟ್ಟಿನ ಕೆಳಗೆ ಈಗ ಮಹೀಂದ್ರದ ಡೀಸೆಲ್ ಎಂಜಿನ್ ಕೂತಿರುವುದು ಸಾಮಾನ್ಯ. ಚಾಸಿಸ್ಸಿಗೆ ಎಷ್ಟು ಸಲ ಬೆಸುಗೆ ಬಿದ್ದಿದೆಯೋ ಲೆಕ್ಕ ಇಟ್ಟವರಿಲ್ಲ. ಗಾಡಿಗಳ ಅಂದಚಂದದ ಬಗ್ಗೆ ಪ್ರವಾಸದ ಬರಹಗಳಲ್ಲಿ ಬೇಕಾದಷ್ಟು ಬಂದಿದೆ. ನಾನು ನೋಡಿದ್ದು ಡ್ರೈವರ್‌ನ ಎಡಗೈಯನ್ನು.

ಗೇರ್ ಲಿವರಿನ ಪಕ್ಕದಲ್ಲಿ ಇನ್ನೆರಡು ಇವೆ. ಒಂದು ಕೆಂಪು ತಲೆಯ ಲಿವರ್, ಇನ್ನೊಂದು ನೆಲದಿಂದ ಸ್ಪ್ರಿಂಗಿನ ಮೇಲೆ ಎದ್ದುನಿಂತ ಹಳದಿ ಗುಬುಟು. ಲ್ಯಾಂಡ್ ರೋವರ್ 1948ರಲ್ಲಿ ಹುಟ್ಟಿದಾಗ ಹೀಗಿರಲಿಲ್ಲ, ಆಗ ನಾಲ್ಕೂ ಚಕ್ರ ಸದಾ ಕೂಡಿಕೊಂಡೇ ಇದ್ದವು. ಹಳದಿ ಗುಬುಟು ಬಂದದ್ದು ಎರಡು ಮೂರು ವರ್ಷ ಕಳೆದ ಮೇಲೆ. ಕೆಂಪು ಲಿವರ್ ಮುಂದಿದ್ದು ಹಳದಿ ಮೇಲೆದ್ದಿದ್ದರೆ ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ. ಹಳದಿಯನ್ನು ಅದುಮಿದರೆ ಮುಂದಿನವೂ ಸೇರಿಕೊಳ್ಳುತ್ತವೆ. ಅದು ನಾಲ್ಕು ಚಕ್ರದ ಹೈ. ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ, ಕೆಂಪನ್ನು ಪೂರ್ತಿ ಹಿಂದಕ್ಕೆ ಎಳೆದರೆ ಲೋ. ಆಗ ಹಳದಿಯನ್ನು ಮುಟ್ಟಲೇಬೇಕಾಗಿಲ್ಲ, ಮುಂಚಕ್ರಗಳು ತಾವಾಗಿ ಕೂಡಿಕೊಳ್ಳುತ್ತವೆ. ಲೋನಲ್ಲಿ ಹುಟ್ಟುವ ಬಲವನ್ನು ಹಿಂದಿನ ಅಚ್ಚೊಂದರ ಮೇಲೇ ಹೇರಿದರೆ ಅದು ಮುರಿದೀತು ಎಂದು ಮಾಡಿದ್ದು. ಒಳ್ಳೆಯ ಯೋಚನೆ.

ಆದರೆ ವಾಪಸು ಬರುವ ದಾರಿ ವಿಚಿತ್ರ. ಅದುಮಿದ ಹಳದಿಯನ್ನು ಕೈಯಿಂದ ಮೇಲೆಳೆಯುವಂತಿಲ್ಲ. ಗಾಡಿ ನಿಲ್ಲಿಸಿ ಕೆಂಪನ್ನು ಒಮ್ಮೆ ಲೋಗೆ ಎಳೆದು ಮತ್ತೆ ಮುಂದಕ್ಕೆ ತಳ್ಳಬೇಕು, ಆಗಷ್ಟೇ ಹಳದಿ ಟಪ್ಪನೆ ಮೇಲೇಳುತ್ತದೆ. ಹಾಕುವುದು ಒಂದು ಗುದ್ದಿನ ಕೆಲಸ, ತೆಗೆಯುವುದು ಗಾಡಿ ನಿಲ್ಲಿಸಿ ಮಾಡುವ ವ್ರತ. ಮನುಷ್ಯನ ಸೋಮಾರಿತನವನ್ನು ಲೆಕ್ಕಕ್ಕೆ ಹಿಡಿಯದೆ ಮಾಡಿದ ಏರ್ಪಾಟು ಇದು. ಅದರ ಪರಿಣಾಮವನ್ನು ಆ ದಾರಿಯಲ್ಲೇ ಕಂಡೆ.

ನಮ್ಮ ಡ್ರೈವರ್ ಐವತ್ತರ ಆಚೀಚೆಯ ಮನುಷ್ಯ. ನಾನು ಅವರನ್ನು ಅಲ್ಲಿನವರಂತೆ ದಾಜೂ ಎನ್ನುತ್ತಿದ್ದೆ, ಅವರು ನನ್ನನ್ನು ಕೋಲ್ಕತ್ತದಿಂದ ಬಂದವನೆಂದು ದಾದಾ ಎನ್ನುತ್ತಿದ್ದರು. ಮಾನೇಭಂಜಾಂಗ್ ಬಿಟ್ಟ ಮೊದಲ ಏರಿನಲ್ಲೇ ಹಳದಿಯನ್ನು ಅಂಗೈಯಿಂದ ಗುದ್ದಿದರು. ಕಲ್ಲು ಇನ್ನೂ ಬಂದಿರಲಿಲ್ಲ. ಕೇಳಿದ್ದಕ್ಕೆ, "ಕಷ್ಟದ ಜಾಗಕ್ಕೆ ಹೋಗಿ ನಿಂತು ಹಾಕುವುದಲ್ಲ ದಾದಾ, ಮೊದಲೇ ಹಾಕಿಕೊಂಡು ಹೋಗುವುದು" ಎಂದರು. ಮಾತು ನೂರಕ್ಕೆ ನೂರು ಸರಿ. ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳು ಒಂದೇ ವೇಗದಲ್ಲಿದ್ದಾಗ, ಗಾಡಿ ನೇರ ಹೋಗುತ್ತಿದ್ದಾಗ, ಒಳಗಿನ ಹಲ್ಲುಗಳು ಸದ್ದಿಲ್ಲದೆ ಕೂಡಿಕೊಳ್ಳುತ್ತವೆ. ಹಿಂಚಕ್ರ ಹೂತು ಗರಗರ ತಿರುಗುತ್ತಿರುವಾಗ ಗುಬುಟು ಗುದ್ದಿದರೆ ತಿರುಗುತ್ತಿರುವ ಹಲ್ಲಿಗೆ ನಿಂತ ಹಲ್ಲು ತಾಕಿ ಕರಕರ ಎನ್ನುತ್ತದೆ. ಅದೃಷ್ಟ ಕೆಟ್ಟಿದ್ದರೆ ಹಲ್ಲಿನ ಚೂರು ಆಮೇಲೆ ಆಯಿಲ್ ಬದಲಿಸುವಾಗ ಸಿಗುತ್ತದೆ. ನಾಲ್ಕು ಚಕ್ರದ ಗಾಡಿ ಹೂತುಕೊಳ್ಳುವುದೂ ಬಹುಪಾಲು ಹೀಗೆಯೇ. ಎರಡು ಚಕ್ರದಲ್ಲೇ ನುಗ್ಗಿ, ನಿಂತು, ಗುಂಡಿ ತೋಡಿ, ಆಮೇಲೆ ನಾಲ್ಕನ್ನು ನೆನೆಸಿಕೊಳ್ಳುವುದು.

ಈವರೆಗೆ ದಾಜೂಗೆ ಪೂರ್ಣ ಅಂಕ. ಆದರೆ ಈಚಿನ ವರ್ಷಗಳಲ್ಲಿ ಈ ದಾರಿಯ ಹಲವು ಭಾಗಗಳಿಗೆ ಕಾಂಕ್ರೀಟ್ ಬಿದ್ದಿದೆ. ಚಿತ್ರೆ ದಾಟಿ ಮೇಘ್ಮಾ ಕಡೆ ಹೋಗುವಾಗ ಒಣಗಿದ ಕಾಂಕ್ರೀಟಿನ ತಿರುವುಗಳಲ್ಲೂ ಹಳದಿ ಕೆಳಗೇ ಇತ್ತು. ಅದನ್ನು ತೆಗೆಯಲು ಏರಿನಲ್ಲಿ ಗಾಡಿ ನಿಲ್ಲಿಸಿ ವ್ರತ ಮಾಡುವವರು ಯಾರು?

ಈ ಗಾಡಿಗಳಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಡಿಫರೆನ್ಷಿಯಲ್ ಇಲ್ಲ. ಹಳದಿ ಅದುಮಿದರೆ ಎರಡೂ ಒಂದೇ ಸರಳಿಗೆ ಕಟ್ಟಿದಂತೆ. ಒಂದು ತಿರುವನ್ನು ಲೆಕ್ಕ ಹಾಕೋಣ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಸುಮಾರು 2.2 ಮೀಟರ್ ಅಂತರ. ಹಿಂದಿನ ಅಚ್ಚಿನ ನಡುಭಾಗ 6 ಮೀಟರ್ ತ್ರಿಜ್ಯದಲ್ಲಿ ಪೂರ್ತಿ ಹಿಮ್ಮುರಿ ತಿರುವು ತೆಗೆದುಕೊಂಡರೆ ಅದು ಓಡುವುದು ಸುಮಾರು 18.9 ಮೀಟರ್. ಮುಂದಿನ ಅಚ್ಚಿನ ನಡುಭಾಗ ಓಡಬೇಕಾದದ್ದು ಸುಮಾರು 20.1. ಒಂದೂಕಾಲು ಮೀಟರ್ ವ್ಯತ್ಯಾಸ. ಜಲ್ಲಿ, ಮಣ್ಣು, ಹಸಿ ಎಲೆಯ ಮೇಲಾದರೆ ಯಾವುದೋ ಒಂದು ಚಕ್ರ ಅಷ್ಟಷ್ಟೇ ಜಾರಿ ಆ ವ್ಯತ್ಯಾಸವನ್ನು ನುಂಗಿಬಿಡುತ್ತದೆ. ಒಣ ಕಾಂಕ್ರೀಟ್ ಜಾರಲು ಬಿಡುವುದಿಲ್ಲ. ಆಗ ಶಾಫ್ಟ್‌ಗಳು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತವೆ, ತಿರುವು ತಿರುವಿಗೂ ಇನ್ನಷ್ಟು.

ತಿಳಿಯುವುದು ಹೇಗೆಂದರೆ, ಸ್ಟೀರಿಂಗ್ ಭಾರವಾಗುತ್ತದೆ, ತಿರುವಿನಿಂದ ಹೊರಬಂದರೂ ತಾನಾಗಿ ನೇರವಾಗುವುದಿಲ್ಲ. ಯಾರೋ ಬ್ರೇಕ್ ಹಿಡಿದಂತೆ ಗಾಡಿ ಮೊಂಡು ಬೀಳುತ್ತದೆ. ಟೈರು ಕೀರಲು ದನಿ ತೆಗೆಯುತ್ತದೆ. ಕೊನೆಯ ಲಕ್ಷಣ ಎಂದರೆ ತೆಗೆಯಲು ಹೋದಾಗ ಲಿವರ್ ಬಾರದಿರುವುದು, ಏಕೆಂದರೆ ಹಲ್ಲುಗಳು ಆ ತಿರುಚಿನ ಬಿಗಿಯಲ್ಲಿ ಕಚ್ಚಿಕೊಂಡಿರುತ್ತವೆ. ತುಮ್ಲಿಂಗ್‌ನಲ್ಲಿ ಚಹಾಕ್ಕೆ ನಿಂತಾಗ ದಾಜೂ ಕೆಂಪನ್ನು ಎಳೆದರು, ಬರಲಿಲ್ಲ. ಇನ್ನೊಬ್ಬನಾಗಿದ್ದರೆ ಎರಡೂ ಕೈ ಹಾಕಿ ಜಗ್ಗುತ್ತಿದ್ದ, ಕಾಲಿನಿಂದ ಒದೆಯುವವರನ್ನೂ ನೋಡಿದ್ದೇನೆ. ಇವರು ರಿವರ್ಸ್ ಹಾಕಿ, ಸ್ಟೀರಿಂಗ್ ನೇರ ಹಿಡಿದು, ಎರಡು ಮಾರು ಹಿಂದೆ ಹೋದರು. ತಿರುಚು ಬಿಚ್ಚಿತು. ಎರಡು ಬೆರಳಿಗೆ ಲಿವರ್ ಬಂತು. ರೋಗ ತಂದುಕೊಂಡವರೂ ಅವರೇ, ಮದ್ದು ಬಲ್ಲವರೂ ಅವರೇ. ಆದರೂ ಇದು ಕೆಟ್ಟ ಅಭ್ಯಾಸವೆಂದೇ ನನ್ನ ಅಭಿಪ್ರಾಯ. ಮುಂಚೆ ಈ ದಾರಿ ಉದ್ದಕ್ಕೂ ಕಲ್ಲಾಗಿದ್ದಾಗ ಹಳದಿಯನ್ನು ಇಡೀ ದಿನ ಅದುಮಿಟ್ಟರೂ ನಡೆಯುತ್ತಿತ್ತು. ರಸ್ತೆ ಬದಲಾಗಿದೆ, ಕೈ ಬದಲಾಗಿಲ್ಲ.

ಕೊನೆಯ ಏರು ಬಿಖೇಭಂಜಾಂಗ್‌ನಿಂದ ಶುರು. ಸುಮಾರು ನಾಲ್ಕು ಕಿಲೋಮೀಟರ್, ಬಿಡುವೇ ಇಲ್ಲದ ಹತ್ತುವಿಕೆ. ನಾವು ಹೋದ ದಿನ ಬೆಳಗಿನ ಜಾವ ಮಳೆ ಬಿದ್ದು, ತಲೆಗಾತ್ರದ ಕಲ್ಲುಗಳು ನೆಂದು ಹೊಳೆಯುತ್ತಿದ್ದವು. ದಾಜೂ ಬುಡದಲ್ಲೇ ಪೂರ್ತಿ ನಿಲ್ಲಿಸಿ ಕೆಂಪನ್ನು ಎಳೆದರು. ಕರ್ ಎಂದಿತು. ಬಲ ಹಾಕಲಿಲ್ಲ. ಮುಖ್ಯ ಗೇರನ್ನು ಒಂದಕ್ಕೆ ಹಾಕಿ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟು ಮತ್ತೆ ಒತ್ತಿ ಎಳೆದರು. ಒಳಗಿನ ಹಲ್ಲು ತುಸು ಸರಿದು ಜಾಗ ಸಿಕ್ಕಿತು, ಹೋಗಿ ಕೂತಿತು.

ಲೋ ಎಂದರೆ ಹೆಚ್ಚು ಶಕ್ತಿ ಎಂದು ಬಹಳ ಜನ ತಿಳಿದಿದ್ದಾರೆ. ಎಂಜಿನ್ನಿನ ಶಕ್ತಿ ಇದ್ದಷ್ಟೇ ಇರುತ್ತದೆ. ಅದು ವೇಗದ ಬದಲು ಬಲವಾಗಿ ಸಿಗುತ್ತದೆ, ಅಷ್ಟೆ. ಮೂಲ ಗೇರ್ ಪೆಟ್ಟಿಗೆ ಉಳಿದ ಲ್ಯಾಂಡ್ ರೋವರಿನಲ್ಲಿ ಹೈ ಫಸ್ಟಿನಲ್ಲಿ ಎಂಜಿನ್ ಸುಮಾರು 16 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಲೋ ಫಸ್ಟಿನಲ್ಲಿ ಸುಮಾರು 40 ಸುತ್ತಿಗೆ ಒಂದು. ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಲೋದಲ್ಲಿ ಚಕ್ರ ನಿಮಿಷಕ್ಕೆ 20 ಸುತ್ತು. ಟೈರಿನ ಸುತ್ತಳತೆ ಸುಮಾರು 2.25 ಮೀಟರ್ ಇದ್ದರೆ ಗಾಡಿ ನಿಮಿಷಕ್ಕೆ 45 ಮೀಟರ್ ಹೋಗುತ್ತದೆ, ಎಂದರೆ ಗಂಟೆಗೆ ಮೂರು ಕಿಲೋಮೀಟರಿಗೂ ಕಡಿಮೆ. ಹೈ ಫಸ್ಟಿನಲ್ಲಿ ಅದೇ ಗಾಡಿ ಗಂಟೆಗೆ ಆರೂವರೆ ಏಳು ಕಿಲೋಮೀಟರಿನಲ್ಲಿ ಓಡುತ್ತದೆ. ಕಲ್ಲಿನ ಮೇಲೆ ಆ ವೇಗ ತಡೆಯದು. ಕ್ಲಚ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಹತ್ತು ನಿಮಿಷದಲ್ಲಿ ಸುಟ್ಟ ವಾಸನೆ ಬರುತ್ತದೆ. ಲೋದ ಮುಖ್ಯ ಲಾಭ ಇದು: ಕ್ಲಚ್ಚಿನಿಂದ ಕಾಲು ತೆಗೆದುಬಿಡಬಹುದು. ದಾಜೂ ಎಡಗಾಲನ್ನು ನೆಲಕ್ಕೆ ಊರಿ ಕೂತಿದ್ದರು. ಮುಂಚಕ್ರ ಕಲ್ಲಿಗೆ ತಾಕಿ ಒಂದು ಕ್ಷಣ ನಿಂತಂತಾಗಿ, ಎಂಜಿನ್ ದನಿ ಇಳಿದು, ಟೈರು ಕಲ್ಲನ್ನು ಅಪ್ಪಿಕೊಂಡು ನಿಧಾನ ಹತ್ತಿ ಆಚೆಗೆ ಇಳಿಯುತ್ತಿತ್ತು. ಎಮ್ಮೆ ಹೊಳೆಯ ದಡ ಹತ್ತಿದ ಹಾಗೆ.

ಇಳಿಯುವಾಗಲೂ ಅದೇ ಗೇರು. ಲೋ ಫಸ್ಟಿನಲ್ಲಿ ಎಂಜಿನ್ನೇ ನಾಲ್ಕೂ ಚಕ್ರವನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಒತ್ತಿ ಚಕ್ರ ಕಟ್ಟಿಕೊಂಡು ಒದ್ದೆ ಕಲ್ಲಿನ ಮೇಲೆ ಜಾರುವ ಪ್ರಮೇಯ ಇಲ್ಲ. ಹೆದರಿ ಕ್ಲಚ್ ಒತ್ತುವುದೊಂದೇ ಇಲ್ಲಿ ಮಾಡಬಾರದ ತಪ್ಪು. ಒತ್ತಿದ ಗಳಿಗೆಯಲ್ಲೇ ಆ ಹಿಡಿತವೆಲ್ಲ ಬಿಟ್ಟುಹೋಗುತ್ತದೆ.

ಅರ್ಧ ಏರಿನಲ್ಲಿ ಒಂದು ಕಡೆ ಗಾಡಿ ನಿಂತೇಬಿಟ್ಟಿತು. ಎಡ ಮುಂಚಕ್ರ ಹೊಂಡದ ಮೇಲೆ ತೇಲುತ್ತಿತ್ತು, ಬಲ ಹಿಂಚಕ್ರ ಕಲ್ಲಿನಾಚೆ ಗಾಳಿಯಲ್ಲಿ. ನಾಲ್ಕು ಚಕ್ರದಲ್ಲಿದ್ದೂ ಎರಡು ಚಕ್ರ ಮಾತ್ರ, ಅದೂ ಕರ್ಣದ ಎರಡು ಮೂಲೆಯವು, ಪುಕ್ಕಟೆ ತಿರುಗುತ್ತಿದ್ದವು. ಕೋಲ್ಕತ್ತದ ಟ್ಯಾಕ್ಸಿಯ ಕತೆಯೇ ಇಲ್ಲಿ ಎರಡು ಪಟ್ಟು. ಹಳದಿ ಗುಬುಟು ಮುಂದನ್ನೂ ಹಿಂದನ್ನೂ ಕಟ್ಟುತ್ತದೆ, ಎಡವನ್ನೂ ಬಲವನ್ನೂ ಕಟ್ಟುವುದಿಲ್ಲ. ಆ ಕೆಲಸ ಮಾಡುವುದು ಡಿಫರೆನ್ಷಿಯಲ್ ಲಾಕ್, ಅದು ಈ ಗಾಡಿಗಳಲ್ಲಿ ಇಲ್ಲ.

ದಾಜೂ ಆಕ್ಸಿಲರೇಟರ್ ಹಿಡಿದೇ ಇನ್ನೊಂದು ಕಾಲಿನಿಂದ ಬ್ರೇಕ್ ಹಗುರವಾಗಿ ಒತ್ತಿದರು. ಈ ಉಪಾಯ ಮಲೆನಾಡಿನ ಜೀಪಿನವರಲ್ಲೂ ಇದೆ. ತೇಲುವ ಚಕ್ರಕ್ಕೆ ಬ್ರೇಕ್ ಬಿದ್ದರೆ ಅದಕ್ಕೆ ತಾಳಿಕೆ ಬಂದಂತಾಗಿ, ಊರಿದ ಚಕ್ರಕ್ಕೂ ಬಲ ಹೋಗುತ್ತದೆ ಎಂಬುದು ತರ್ಕ. ಅರ್ಧ ತರ್ಕ. ಕಾಲಿನ ಬ್ರೇಕ್ ಊರಿದ ಚಕ್ರವನ್ನೂ ಅಷ್ಟೇ ಬಿಗಿಯಾಗಿ ಹಿಡಿಯುತ್ತದೆ. ಹೆಚ್ಚಾಗಿ ಬಂದ ಬಲವನ್ನು ಅಲ್ಲೇ ತಿಂದುಹಾಕುತ್ತದೆ. ಟ್ರ್ಯಾಕ್ಟರಿನಲ್ಲಿ ಎಡಕ್ಕೊಂದು ಬಲಕ್ಕೊಂದು ಬೇರೆ ಬ್ರೇಕ್ ಪೆಡಲ್ ಇರುತ್ತದಲ್ಲ, ಅಲ್ಲಿ ತಿರುಗುವ ಚಕ್ರವನ್ನು ಮಾತ್ರ ಹಿಡಿದರೆ ಈ ಉಪಾಯ ನಿಜಕ್ಕೂ ನಡೆಯುತ್ತದೆ. ಜಿಮ್ನಿಯಂಥ ಹೊಸ ಗಾಡಿಗಳಲ್ಲಿ ಕಂಪ್ಯೂಟರು ಮಾಡುವುದೂ ಅದನ್ನೇ: ಪುಕ್ಕಟೆ ತಿರುಗುವ ಚಕ್ರ ಯಾವುದೆಂದು ನೋಡಿ ಅದಕ್ಕೊಂದಕ್ಕೇ ಬ್ರೇಕ್ ಕೊಡುತ್ತದೆ. ಅದಕ್ಕೇ ಆ ಗಾಡಿಗಳಲ್ಲಿ ಚಕ್ರ ತಿರುಗಿತೆಂದು ಗಾಬರಿಯಾಗಿ ಆಕ್ಸಿಲರೇಟರ್ ಬಿಡಬಾರದು, ಒಂದೇ ಸಮ ಹಿಡಿದಿರಬೇಕು. ಲ್ಯಾಂಡ್ ರೋವರಿನಲ್ಲಿ ಒಂದೇ ಪೆಡಲ್ಲಿಗೆ ನಾಲ್ಕೂ ಚಕ್ರ. ನಮ್ಮ ಗಾಡಿ ಮಿಸುಕಲಿಲ್ಲ.

ಆಮೇಲೆ ಅವರು ಮಾಡಿದ್ದೇ ಸರಿಯಾದ ಕೆಲಸ. ನಮ್ಮನ್ನು ಇಳಿಸಿದರು. ಒಂದು ಮಾರು ಹಿಂದೆ ಬಂದು, ಜತೆಗಿದ್ದ ಹುಡುಗನಿಂದ ಹೊಂಡಕ್ಕೆ ಚಪ್ಪಟೆ ಕಲ್ಲು ಹಾಕಿಸಿ, ಸ್ಟೀರಿಂಗನ್ನು ಗೇಣಷ್ಟು ಬಲಕ್ಕೆ ಇಟ್ಟು ಮತ್ತೆ ಹತ್ತಿಸಿದರು. ಈ ಸಲ ನಾಲ್ಕೂ ಚಕ್ರ ನೆಲ ಬಿಡಲಿಲ್ಲ. ಲಾಕ್ ಇಲ್ಲದ ಗಾಡಿಯಲ್ಲಿ ದಾರಿಯನ್ನೇ ಲಾಕ್ ಮಾಡಿಕೊಳ್ಳಬೇಕು.

ಇಲ್ಲೊಂದು ಎಚ್ಚರಿಕೆ. ಹುಡುಗ ಕಲ್ಲು ಹಾಕಲು ಹೋಗುವ ಮೊದಲು ಹಿಂಚಕ್ರಕ್ಕೆ ಒಂದು ಕಲ್ಲಿನ ಆಪು ಕೊಟ್ಟ. ಹಳೆಯ ಲ್ಯಾಂಡ್ ರೋವರಿನ ಹ್ಯಾಂಡ್ ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಗೇರ್ ಪೆಟ್ಟಿಗೆಯಿಂದ ಹಿಂದಕ್ಕೆ ಹೋಗುವ ಶಾಫ್ಟನ್ನು ಹಿಡಿಯುತ್ತದೆ. ಎರಡು ಚಕ್ರದಲ್ಲಿ ನಿಲ್ಲಿಸಿ ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿದರೆ ಆ ಚಕ್ರ ಒಂದು ದಿಕ್ಕಿಗೆ, ನೆಲದ ಚಕ್ರ ಇನ್ನೊಂದು ದಿಕ್ಕಿಗೆ ತಿರುಗಿ ಗಾಡಿ ಹೊರಟೇಬಿಡುತ್ತದೆ, ಹ್ಯಾಂಡ್ ಬ್ರೇಕ್ ಎಳೆದೇ ಇದ್ದರೂ. ಪಂಕ್ಚರ್ ಹಾಕುವಾಗ ಹಳದಿ ಅದುಮಿ, ಆಪು ಕೊಟ್ಟು ಕೆಲಸ ಮಾಡುವುದು ಇದಕ್ಕೆ.

ಹಾಗಾದರೆ ಲಾಕ್ ಇದ್ದಿದ್ದರೆ ಎಲ್ಲ ಸುಖವಾಗಿರುತ್ತಿತ್ತೆ? ಇದಕ್ಕೆ ಕಲ್ಲು ಬಿಟ್ಟು ಕೆಸರಿಗೆ ಬರಬೇಕು, ಕೋಲ್ಕತ್ತ ಬಿಟ್ಟು ಹೊಸನಗರಕ್ಕೆ. ನಮ್ಮ ಭಾವನ ಅಡಿಕೆ ತೋಟದ ದಾರಿ ಕೊಡಚಾದ್ರಿಯ ಜೀಪು ದಾರಿಯ ತಮ್ಮನಿದ್ದ ಹಾಗೆ: ಆಷಾಢದಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣು ಬೆಣ್ಣೆಯಾಗುತ್ತದೆ. ಸಂದಕ್‌ಫೂನಿಂದ ಬಂದ ಹುಮ್ಮಸ್ಸಿನಲ್ಲಿ ಅವನ ಹಳೆಯ ಜೀಪನ್ನು ಲೋ ಫಸ್ಟಿಗೆ ಹಾಕಿ ಹತ್ತಿಸಲು ಹೋದೆ. ನಾಲ್ಕೂ ಚಕ್ರ ನಿಂತಲ್ಲೇ ತಿರುಗಿ, ಟೈರಿನ ಹಲ್ಲಿಗೆಲ್ಲ ಮಣ್ಣು ಮೆತ್ತಿಕೊಂಡು ಬೋಳಾದವು. ಕಲ್ಲಿನ ಮೇಲೆ ಕೆಲಸಕ್ಕೆ ಬಂದ ಬಲವೇ ಕೆಸರಿನಲ್ಲಿ ಶತ್ರು, ಮಣ್ಣು ತಡೆಯುವುದಕ್ಕಿಂತ ಹೆಚ್ಚು ಬಲ ಕೊಟ್ಟರೆ ಚಕ್ರ ಜಾರಿಯೇ ತೀರುತ್ತದೆ. "ಭಾವ, ಇಲ್ಲಿ ಎರಡು ಇಲ್ಲ ಮೂರು" ಎಂದು ಅವನು ಕೆಳಗೆ ತೋಡಿನವರೆಗೆ ಹಿಂದೆ ಬಂದು, ಲೋ ಥರ್ಡಿಗೆ ಹಾಕಿ, ಆಕ್ಸಿಲರೇಟರನ್ನು ಒಂದೇ ಹದದಲ್ಲಿ ಹಿಡಿದು ಹತ್ತಿಸಿದ. ಚಕ್ರ ಜಾರುವ ಸೂಚನೆ ಕಂಡರೆ ಒತ್ತುವುದಲ್ಲ, ಸ್ವಲ್ಪ ಬಿಡುವುದು. ಅದು ಕೈಗೆ ಬರಲು ನನಗೆ ಎರಡು ಮಳೆಗಾಲ ಬೇಕಾಯಿತು.

ಲಾಕಿನ ಬಗ್ಗೆ ಒಳ್ಳೆಯ ಗುರುಗಳೂ ಅಲ್ಲೇ ಸಿಕ್ಕರು. ಗದ್ದೆ ಉಳುವ ಟ್ರ್ಯಾಕ್ಟರ್ ಚಾಲಕರು. ಅವರ ಹಿಮ್ಮಡಿಯ ಹತ್ತಿರ ಒಂದು ಸಣ್ಣ ಪೆಡಲ್ ಇರುತ್ತದೆ. ಒಂದು ಚಕ್ರ ಜಾರುವ ಸುಳಿವು ಸಿಕ್ಕ ಕೂಡಲೇ, ಅದು ಜೋರಾಗಿ ತಿರುಗುವುದಕ್ಕೆ ಮೊದಲೇ, ಹಿಮ್ಮಡಿ ಇಡುತ್ತಾರೆ. ಗದ್ದೆಯ ಅಂಚು ಬಂದು ತಿರುಗಿಸಬೇಕು ಎನ್ನುವಾಗ ಕಾಲೆತ್ತುತ್ತಾರೆ. ಡಿಫರೆನ್ಷಿಯಲ್ ಲಾಕ್ ಬಳಸುವ ವಿದ್ಯೆ ಹೆಚ್ಚು ಕಡಿಮೆ ಇಷ್ಟೇ. ಲಾಕ್ ಹಾಕಿದಾಗ ಎಡಬಲದ ಚಕ್ರಗಳು ಒಂದೇ ವೇಗದಲ್ಲಿ ತಿರುಗಬೇಕಾದ್ದರಿಂದ ಗಾಡಿ ನೇರಕ್ಕೇ ನುಗ್ಗುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಮೂತಿ ತಿರುಗದು. ಹೂತ ಜಾಗದಿಂದ ಎರಡು ಮಾರು ಎದ್ದುಬಂದ ಮೇಲೂ ಅದನ್ನು ಬಿಡದೆ ತಿರುವಿಗೆ ಹೋದರೆ ಎದುರಿನ ದರೆಗೆ ಗುದ್ದುವುದೇ.

ಇದಕ್ಕಿಂತ ಅಪಾಯದ್ದು ಒಂದು ಬದಿಗೆ ವಾಲಿದ ಜಾರುದಾರಿ. ಲಾಕ್ ಇಲ್ಲದಿದ್ದರೆ ಒಂದು ಚಕ್ರ ತಿರುಗಿದರೂ ಇನ್ನೊಂದು ನಿಂತು ನೆಲ ಕಚ್ಚಿರುತ್ತದೆ, ಗಾಡಿ ಮುಂದೆ ಹೋಗದಿದ್ದರೂ ಕೆಳಗೆ ಜಾರುವುದಿಲ್ಲ. ಲಾಕ್ ಹಾಕಿದರೆ ಎರಡೂ ಒಟ್ಟಿಗೆ ಜಾರುತ್ತವೆ. ಜಾರುವ ಚಕ್ರಕ್ಕೆ ಅಡ್ಡಕ್ಕೆ ಹಿಡಿದು ನಿಲ್ಲುವ ಶಕ್ತಿ ಇಲ್ಲ. ಗಾಡಿಯ ಹಿಂಭಾಗ ತೋಟದ ಕಡೆಗೆ ಮೆಲ್ಲಗೆ ಇಳಿಯುತ್ತದೆ. ಅಲ್ಲಿ ಕೂತು ಅದನ್ನು ಅನುಭವಿಸಿದವರು ಬಾಗಿಲು ಯಾವ ಕಡೆ ತೆಗೆಯಬೇಕೆಂದು ಯೋಚಿಸುತ್ತಾರೆ. ಮುಂದೂ ಹಿಂದೂ ಎರಡೂ ಲಾಕ್ ಇರುವ ಗೂರ್ಖಾದಂಥ ಗಾಡಿಯಲ್ಲಿ ಹಿಂದಿನದನ್ನು ಮೊದಲು ಹಾಕಿ ನೋಡಿ, ಅದೂ ಸಾಲದೆಂದಾಗ, ನೇರ ದಾರಿಯಲ್ಲಿ, ಮಾತ್ರ ಮುಂದಿನದಕ್ಕೆ ಕೈ ಹಾಕಬೇಕಾದ್ದು ಇದಕ್ಕೇ. 2020ರ ಥಾರ್‌ನ ಕೆಲವು ಮಾದರಿಗಳಲ್ಲಿರುವ ಹಿಂದಿನ ಲಾಕ್ ಕೈಗೆ ಸಿಗುವಂಥದಲ್ಲ. ಎಡಬಲ ಚಕ್ರದ ವೇಗದಲ್ಲಿ ಸಾಕಷ್ಟು ವ್ಯತ್ಯಾಸ ಬಂದಾಗ ಅದು ತಾನೇ ಧಡ್ ಎಂದು ಕಚ್ಚಿಕೊಳ್ಳುತ್ತದೆ. ಎಂದರೆ ಚಕ್ರವನ್ನು ತುಸು ತಿರುಗಲು ಬಿಡಬೇಕು, ಆದರೆ ಹುಚ್ಚಾಪಟ್ಟೆ ತಿರುಗಲು ಬಿಡಬಾರದು. ಅನುಕೂಲವೇ, ಒಪ್ಪಿದೆ. ಟ್ರ್ಯಾಕ್ಟರಿನ ಹಿಮ್ಮಡಿಯವರಿಗೆ ಇರುವ ಒಂದು ಸ್ವಾತಂತ್ರ್ಯ, ಈಗ ಬೇಡ ಎನ್ನುವ ಸ್ವಾತಂತ್ರ್ಯ, ಮಾತ್ರ ಅದರಲ್ಲಿ ಇಲ್ಲ.

ಹೊಸ ಗಾಡಿಗಳ ಸೆಲೆಕ್ಟರ್ ಬಗ್ಗೆ ನನ್ನ ದೂರು ಬೇರೆ. ಮಹೀಂದ್ರದ ಒಂದೇ ಸಾಲಿನ ಲಿವರ್, 2H, 4H, N, 4L, ಲ್ಯಾಂಡ್ ರೋವರಿನದಕ್ಕಿಂತ ನಿಸ್ಸಂಶಯವಾಗಿ ಉತ್ತಮ. ಹಾಕಿದ ದಾರಿಯಲ್ಲೇ ತೆಗೆಯಬಹುದು, ಒಣ ಕಾಂಕ್ರೀಟ್ ಬಂದಾಗ 2Hಗೆ ಬರಲು ವ್ರತ ಬೇಡ. ನಡುವಿನ Nನಲ್ಲಿ ಬಿಟ್ಟು ಇಳಿದುಹೋದರೆ ಮಾತ್ರ ಗೇರಿನಲ್ಲಿದ್ದರೂ ಗಾಡಿ ಉರುಳೀತು. ಆದರೆ ಲಿವರಿನ ಬದಲು ತಿರುಗಿಸುವ ಗುಂಡಿ ಬಂದದ್ದೇ ಕೈಗೆ ಸಿಗುತ್ತಿದ್ದ ಒಂದು ಸುದ್ದಿ ತಪ್ಪಿಹೋಯಿತು. ಲಿವರ್ ಹಲ್ಲಿಗೆ ಕೂತಿತೋ ಇಲ್ಲವೋ ಎಂಬುದು ಅಂಗೈಗೆ ಗೊತ್ತಾಗುತ್ತಿತ್ತು. ಗುಂಡಿ ತಿರುಗಿಸುವುದು ಅರ್ಜಿ ಕೊಟ್ಟ ಹಾಗೆ. ಒಳಗೆ ಸಣ್ಣ ಮೋಟಾರೊಂದು ಹಲ್ಲು ಸೇರಿಸಲು ಯತ್ನಿಸುತ್ತದೆ, ಆಗುವವರೆಗೆ ದೀಪ ಮಿನುಗುತ್ತದೆ, ಆದ ಮೇಲೆ ನಿಲ್ಲುತ್ತದೆ. ಹಳೆಯ ಜಿಪ್ಸಿಗಳಲ್ಲಿ ಮುಂಚಕ್ರದ ಹಬ್ಬಿನಲ್ಲೇ ಒಂದು ತಿರುಗಣೆ ಇದ್ದು, ಅದನ್ನು ಇಳಿದು ತಿರುಗಿಸದಿದ್ದರೆ ಲಿವರ್ 4Hನಲ್ಲಿದ್ದೂ ಮುಂಚಕ್ರ ಎಳೆಯುತ್ತಿರಲಿಲ್ಲ. ರೋಗ ಹಳೆಯದೇ. ಮಿನುಗುವ ದೀಪ ನೋಡಿ "ಹಾಕಿಯಾಯಿತು" ಎಂದು ಹೊರಡುವವರು ಅದರ ಹೊಸ ಅವತಾರ.

ಹೋದ ಮಳೆಗಾಲದಲ್ಲಿ ಭಾವ ಗುಂಡಿಯ ಗಾಡಿ ತಂದಿದ್ದ. ತೋಡಿನ ಹತ್ತಿರ ಹೂತುಕೊಂಡಿತು. ಅವನು ಗುಂಡಿ 4Lಗೆ ತಿರುಗಿಸಿ ಒತ್ತಿದ. ಹಿಂಚಕ್ರ ಎರಡೂ ತಿರುಗಿದವು. ಮತ್ತೆ ಒತ್ತಿದ. "ಇದರಲ್ಲೂ ಆಗಲಿಲ್ಲವಲ್ಲೋ" ಎಂದು ಗಾಡಿ ಮಾರಿದವರನ್ನು ಬೈಯತೊಡಗಿದ. ಕೊಟ್ಟೆಯಲ್ಲಿ ಅಡಿಕೆ ಹಾಳೆ ಹೊತ್ತು ಬರುತ್ತಿದ್ದ ಕೆಲಸದ ಮಂಜಣ್ಣ ನಿಂತು ನೋಡಿದರು. ಗಾಡಿಯೊಳಗಿನ ದೀಪ ಅವರಿಗೆ ಕಾಣುತ್ತಿರಲಿಲ್ಲ. ಕಂಡದ್ದು ಮುಂಚಕ್ರ.

"ಹೆಗ್ಡೇರೆ, ಮುಂದಿಂದು ತಿರುಗ್ತಾನೇ ಇಲ್ಲ."

ಭಾವ ಗೇರನ್ನು ನ್ಯೂಟ್ರಲ್ಲಿಗೆ ತಂದು, ಬ್ರೇಕ್ ಹಿಡಿದು, ಕಾದ. ದೀಪ ಮಿನುಗುವುದು ನಿಂತಿತು, ಕೆಳಗೆಲ್ಲೋ ಕಳಕ್ ಎಂದಿತು. ಸೆಕೆಂಡಿಗೆ ಹಾಕಿ ಕ್ಲಚ್ ಬಿಟ್ಟ. ಮಂಜಣ್ಣ ಹಾಳೆಯ ಹೊರೆ ಇಳಿಸದೆ, ಗಾಡಿ ತೋಡು ದಾಟುವವರೆಗೂ ಮುಂಚಕ್ರವನ್ನೇ ನೋಡುತ್ತ ನಿಂತಿದ್ದರು.